ಎಬೋಲಾ ಸಂಪರ್ಕಿತರ ಮೇಲೆ 21 ದಿನ ನಿಗಾ ಏಕೆ? ಪಿಪಿಇ ಕಿಟ್ ಕಳಚುವಾಗಲೇ ಹೆಚ್ಚು ಅಪಾಯವೇಕೆ?

ಎಬೋಲಾ ಮತ್ತು ಮಾರ್ಬರ್ಗ್ ಎರಡೂ ಫಿಲೋವೈರಸ್ ಗುಂಪಿಗೆ ಸೇರಿದ ಸೋಂಕುಗಳು. ತೀವ್ರ ಜ್ವರ, ವಾಂತಿ, ಭೇದಿ ಮತ್ತು ಕೆಲವರಲ್ಲಿ ರಕ್ತಸ್ರಾವ ಇವುಗಳ ಲಕ್ಷಣ. ರೋಗಿಯ ರಕ್ತ, ವಾಂತಿ, ಮಲ ತಾಗುವುದರಿಂದ ಸೋಂಕು ಹರಡುತ್ತದೆ. ಲಕ್ಷಣ ಕಾಣಿಸಿಕೊಳ್ಳುವ ಮುನ್ನ ಸೋಂಕಿತರಿಂದ ಬೇರೆಯವರಿಗೆ ಹರಡುವುದಿಲ್ಲ. ಸಂಪರ್ಕಿತರ ಪತ್ತೆ ಕಾರ್ಯ ನಿಂತಿರುವುದೇ ಈ ಅಂಶದ ಮೇಲೆ.

ಲಾಗೋಸ್‌ನಲ್ಲಿ ನಡೆದಿದ್ದೇನು?

2014ರ ಜುಲೈ 20ರಂದು ಲೈಬೀರಿಯಾದಿಂದ ನೈಜೀರಿಯಾದ ಲಾಗೋಸ್‌ಗೆ ಬಂದಿಳಿದ ಪ್ರಯಾಣಿಕರೊಬ್ಬರು ಅಸ್ವಸ್ಥರಾಗಿದ್ದರು. ಆಸ್ಪತ್ರೆಯಲ್ಲಿ ಮೊದಲು ಮಲೇರಿಯಾ ಎಂದು ಶಂಕಿಸಲಾಗಿತ್ತು. ಎಬೋಲಾ ದೃಢಪಟ್ಟು, ಜುಲೈ 25ರಂದು ಅವರು ಮೃತಪಟ್ಟರು. ಅಷ್ಟರಲ್ಲಿ ಆರೈಕೆ ಮಾಡಿದ್ದ ಸಿಬ್ಬಂದಿಗೂ ಸೋಂಕು ತಗುಲಿತ್ತು.

ಆರೋಗ್ಯ ಸಿಬ್ಬಂದಿ ಸುಮಾರು 890 ಸಂಪರ್ಕಿತರ ಪಟ್ಟಿ ಮಾಡಿ, ಮನೆಮನೆಗೆ ತೆರಳಿ ಜ್ವರ ಪರೀಕ್ಷಿಸಿದರು. ಸೋಂಕು ತಗುಲಿದ 2ರಿಂದ 21 ದಿನಗಳೊಳಗೆ ಲಕ್ಷಣ ಕಾಣಿಸುವುದರಿಂದ, ರೋಗಿಯೊಂದಿಗಿನ ಕೊನೆಯ ಸಂಪರ್ಕದಿಂದ 21 ದಿನ ಎಣಿಸಲಾಗುತ್ತದೆ. ಜ್ವರ ಬಂದವರನ್ನು ತಕ್ಷಣ ಪ್ರತ್ಯೇಕಿಸಿ ರಕ್ತ ಪರೀಕ್ಷೆ ಮಾಡಲಾಗುತ್ತದೆ. ಲಕ್ಷಣ ಶುರುವಾದ ಮೊದಲ 3 ದಿನಗಳಲ್ಲಿ ವರದಿ ನೆಗೆಟಿವ್ ಬಂದರೂ ನಂಬುವಂತಿಲ್ಲ, ಮತ್ತೆ ಪರೀಕ್ಷಿಸಬೇಕು.

ಒಬ್ಬರು ತಪ್ಪಿಸಿಕೊಂಡರೆ?

ನಿಗಾ ತಪ್ಪಿಸಿ ಪೋರ್ಟ್ ಹಾರ್ಕೋರ್ಟ್‌ಗೆ ಹೋದ ಸಂಪರ್ಕಿತರೊಬ್ಬರಿಗೆ ಅಲ್ಲಿನ ವೈದ್ಯರೊಬ್ಬರು ಹೋಟೆಲ್‌ನಲ್ಲಿ ಚಿಕಿತ್ಸೆ ನೀಡಿದರು. ಅಸ್ವಸ್ಥರಾದ ಬಳಿಕವೂ ರೋಗಿಗಳನ್ನು ನೋಡಿದ ಆ ವೈದ್ಯರು ಆಗಸ್ಟ್‌ನಲ್ಲಿ ಮೃತಪಟ್ಟರು. ಇದರಿಂದಾಗಿ ಆ ನಗರದಲ್ಲೇ 500ಕ್ಕೂ ಹೆಚ್ಚು ಮಂದಿಯನ್ನು ಹುಡುಕಬೇಕಾಯಿತು.

ಪಿಪಿಇ ಕಳಚುವ ಕ್ರಮ

ಚಿಕಿತ್ಸಾ ಘಟಕದಿಂದ ಹೊರಬರುವಾಗ ಪಿಪಿಇ ಕಿಟ್‌ನ ಹೊರಮೈಯಲ್ಲಿ ವೈರಸ್ ಅಂಟಿರುವ ಸಾಧ್ಯತೆ ಇರುತ್ತದೆ. ಒಳಗೆ ಬೆವರಿ ದಣಿದ ಸಿಬ್ಬಂದಿ ಅರಿವಿಲ್ಲದೆ ಮುಖ ಮುಟ್ಟಿಕೊಳ್ಳುವ ಅಪಾಯ ಹೆಚ್ಚು. ಹೀಗಾಗಿ ತರಬೇತಿ ಪಡೆದ ಇನ್ನೊಬ್ಬರು ಎದುರು ನಿಂತು ಒಂದೊಂದೇ ಹಂತ ಹೇಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಂತೆ ಗೌನ್ ಧರಿಸಿದವರು ಮೊದಲು ಏಪ್ರನ್, ನಂತರ ಹೊರಗಿನ ಗ್ಲೌಸ್, ತಲೆಯ ಹೊದಿಕೆ ತೆಗೆಯುತ್ತಾರೆ. ಗೌನನ್ನು ಒಳಮೈ ಹೊರಗೆ ಬರುವಂತೆ ಸುತ್ತಿ ಕಳಚುತ್ತಾರೆ. ಬಳಿಕ ಕನ್ನಡಕ, ಮಾಸ್ಕ್, ಬೂಟ್ ತೆಗೆದು, ಕೊನೆಗೆ ಒಳಗಿನ ಗ್ಲೌಸ್ ಬಿಚ್ಚುತ್ತಾರೆ. ಪ್ರತಿ ಹಂತದ ನಂತರವೂ ಕೈ ಶುಚಿಗೊಳಿಸಬೇಕು. ಕನ್ನಡಕ ಮತ್ತು ಮಾಸ್ಕನ್ನು ಹಿಂಬದಿಯ ಪಟ್ಟಿ ಹಿಡಿದೇ ತೆಗೆಯಬೇಕು, ಮುಂಭಾಗ ಮುಟ್ಟುವಂತಿಲ್ಲ.

ಮುಕ್ತ ಎಂದು ಘೋಷಿಸುವುದು ಯಾವಾಗ?

21 ದಿನಗಳ ಎರಡು ಸುತ್ತು, ಅಂದರೆ 42 ದಿನ ಹೊಸ ಪ್ರಕರಣ ಇಲ್ಲದಿದ್ದರೆ ಮಾತ್ರ. ಅದರಂತೆ 2014ರ ಅಕ್ಟೋಬರ್ 20ರಂದು ನೈಜೀರಿಯಾವನ್ನು ಎಬೋಲಾ ಮುಕ್ತ ಎಂದು ಘೋಷಿಸಲಾಯಿತು. ಒಟ್ಟು 20 ಮಂದಿಗೆ ಸೋಂಕು ತಗುಲಿ, 8 ಮಂದಿ ಮೃತಪಟ್ಟಿದ್ದರು.