ಶಾಖಾವಾರು ಆಯವ್ಯಯಗಳ ಕ್ರೋಡೀಕರಣ

ಒಂದೇ ಸಂಸ್ಥೆಯ ಬೇರೆ ಬೇರೆ ಶಾಖೆಗಳು ಸಿದ್ಧಪಡಿಸಿದ ಜಮಾ–ಖರ್ಚಿನ ಅಂದಾಜುಗಳನ್ನು ಸೇರಿಸಿ, ಇಡೀ ಸಂಸ್ಥೆಗೆ ಒಂದೇ ಆಯವ್ಯಯ ರಚಿಸುವ ಕ್ರಮ. ಒಂದು ಶಾಖೆ ಇನ್ನೊಂದಕ್ಕೆ ಕೊಟ್ಟ ಹಣ ಸಂಸ್ಥೆಯ ಹೊರಗಿನಿಂದ ಬಂದದ್ದೂ ಅಲ್ಲ, ಹೊರಗೆ ಹೋದದ್ದೂ ಅಲ್ಲ. ಅದನ್ನು ಎರಡೂ ಕಡೆಯಿಂದ ತೆಗೆದುಹಾಕುವುದೇ ಈ ಕೆಲಸದ ಕಷ್ಟದ ಭಾಗ.

ಈ ಕಷ್ಟ ಪುರಸಭೆಗಳ ಆಯವ್ಯಯದಲ್ಲಿ ಚೆನ್ನಾಗಿ ಕಾಣುತ್ತದೆ. ಕರ್ನಾಟಕದ ಪುರಸಭೆಗಳು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಡಿ ನಡೆಯುತ್ತವೆ. 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ನಂತರ ಅವು ನಿಧಿ ಆಧಾರಿತ ದ್ವಿನಮೂದು ಪದ್ಧತಿಯಲ್ಲಿ ಲೆಕ್ಕ ಇಡುತ್ತವೆ. ನಿಧಿಗಳನ್ನು ಬೇರೆ ಬೇರೆ ಇಡುವುದರಿಂದ ಹಣದ ಉದ್ದೇಶ ಸ್ಪಷ್ಟವಾಗುತ್ತದೆ. ಆದರೆ ಒಂದು ನಿಧಿಯಿಂದ ಇನ್ನೊಂದಕ್ಕೆ ಹೋದ ಮೊತ್ತ ಎರಡು ಹಾಳೆಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಇಂಥ ವರ್ಗಾವಣೆಗಳು ಮುಖ್ಯವಾಗಿ ಎರಡು. ನೀರಿನ ಕರ ಪಂಪಿನ ವಿದ್ಯುತ್ತು, ದುರಸ್ತಿಗಳಿಗೆ ಸಾಲದಾದಾಗ ಸಾಮಾನ್ಯ ನಿಧಿಯಿಂದ ನೀರು ಸರಬರಾಜು ಶಾಖೆಗೆ ಹಣ ಕೊಡಬೇಕಾಗುತ್ತದೆ. ಇನ್ನೊಂದು ಮೀಸಲು: ಪರಿಶಿಷ್ಟ ಜಾತಿ, ಪಂಗಡಗಳ ಕಲ್ಯಾಣಕ್ಕೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5ರಂತೆ ತೆಗೆದಿಡುವ ಹಣ. ಅದು ಸಾಮಾನ್ಯ ಹಾಳೆಯಲ್ಲಿ ಖರ್ಚು, ಮೀಸಲು ಹಾಳೆಯಲ್ಲಿ ಜಮಾ, ಕಾಮಗಾರಿ ನಡೆದಾಗ ಮತ್ತೆ ಖರ್ಚು.

ಲೆಕ್ಕ ತಿಳಿಯಲು ಒಂದು ಕಲ್ಪಿತ ಪುರಸಭೆಯನ್ನು ತೆಗೆದುಕೊಳ್ಳೋಣ. ಮೊತ್ತಗಳೆಲ್ಲ ಲಕ್ಷ ರೂಪಾಯಿಗಳಲ್ಲಿ, ಮೀಸಲುಗಳಲ್ಲಿ ಶೇ 24.10ರದ್ದು ಮಾತ್ರ. ಆಸ್ತಿ ತೆರಿಗೆ, ಮಳಿಗೆ ಬಾಡಿಗೆಗಳಿಂದ ಸಾಮಾನ್ಯ ನಿಧಿಗೆ 200, ನೀರಿನ ಕರದಿಂದ 40. ಸ್ವಂತ ಆದಾಯ ಒಟ್ಟು 240. ಅದರ ಶೇ 24.10 ಅಂದರೆ 57.84. ಸಾಮಾನ್ಯ ನಿಧಿಯ ನೇರ ಖರ್ಚು 90. ನೀರು ಶಾಖೆಗೆ ಅದು ಕೊಡುವುದು 30, ಮೀಸಲಿಗೆ 57.84. ನೀರು ಶಾಖೆ ಬಂದ 70ನ್ನೂ ಖರ್ಚು ಮಾಡುತ್ತದೆ, ಮೀಸಲು ನಿಧಿ 57.84ನ್ನೂ ಖರ್ಚು ಮಾಡುತ್ತದೆ.

ಮೂರು ಹಾಳೆಗಳನ್ನು ಹಾಗೆಯೇ ಕೂಡಿದರೆ ಜಮಾ 327.84, ಖರ್ಚು 305.68, ಉಳಿತಾಯ 22.16. ಒಳಗೊಳಗೇ ಓಡಾಡಿದ 87.84ನ್ನು ಎರಡೂ ಕಡೆ ಕಳೆದರೆ ಜಮಾ 240, ಖರ್ಚು 217.84. ಉಳಿತಾಯ ಮಾತ್ರ ಮತ್ತೆ ಅದೇ 22.16. ತಪ್ಪು ವರ್ಷಗಟ್ಟಲೆ ಉಳಿದುಬಿಡುವುದು ಇದೇ ಕಾರಣಕ್ಕೆ: ಕೊನೆಯ ಶಿಲ್ಕು ತಾಳೆಯಾದರೆ ಸಾಕು ಎಂದುಕೊಂಡವರಿಗೆ ಅದು ಕಣ್ಣಿಗೇ ಬೀಳದು. ಆದರೆ ಉಬ್ಬಿದ ಮೊತ್ತದ ಮೇಲೆ ಶೇಕಡಾವಾರು ಲೆಕ್ಕ ಹಾಕಿದ ಕೂಡಲೇ ಪೆಟ್ಟು ಬೀಳುತ್ತದೆ. 327.84ರ ಶೇ 24.10 ತೆಗೆದರೆ ಮೀಸಲು 79.01 ಆಗಿ, ಹೆಚ್ಚುವರಿ 21.17 ಹೆಚ್ಚುಕಡಿಮೆ ಇಡೀ ಉಳಿತಾಯವನ್ನೇ ನುಂಗುತ್ತದೆ.

ಇದನ್ನು ತಡೆಯಲು ಪ್ರತಿ ಶಾಖೆಯ ಹಾಳೆಯಲ್ಲೂ ‘ಎದುರು ಪಕ್ಷ’ ಎಂಬ ಒಂದು ಅಂಕಣ ಬೇಕು. ಪ್ರತಿ ಸಾಲಿನ ಹಣ ಯಾರಿಂದ ಬಂತು, ಯಾರಿಗೆ ಹೋಯಿತು ಎಂದು ಅಲ್ಲಿ ಬರೆಯಬೇಕು. ಸಂಸ್ಥೆಯ ಆಚೆಗಿನವರಾದರೆ ‘ಹೊರಗೆ’ ಎಂದಷ್ಟೇ ಸಾಕು. ಎಲ್ಲ ಸಾಲುಗಳನ್ನು ಒಂದೇ ಹಾಳೆಗೆ ತಂದು, C ಅಂಕಣದಲ್ಲಿ ಎದುರು ಪಕ್ಷ, D ಅಂಕಣದಲ್ಲಿ ಜಮಾ ಇಟ್ಟರೆ ಸಂಸ್ಥೆಯ ನಿಜವಾದ ಜಮಾ ಹೀಗೆ ಸಿಗುತ್ತದೆ:

```
=SUMIFS(D:D,C:C,"ಹೊರಗೆ")
```

ತೆಗೆದುಹಾಕುವ ಮುನ್ನ ಕೊಟ್ಟ ಶಾಖೆಗಳನ್ನು ಸಾಲುಗಳಲ್ಲಿ, ಪಡೆದ ಶಾಖೆಗಳನ್ನು ಅಂಕಣಗಳಲ್ಲಿ ಇಟ್ಟು ಒಂದು ತಾಳೆಪಟ್ಟಿ ಮಾಡಬೇಕು. ಪ್ರತಿ ಮನೆಯಲ್ಲೂ ಕೊಟ್ಟವರ ಅಂಕಿ, ಪಡೆದವರ ಅಂಕಿ ಎರಡನ್ನೂ ಬರೆಯಬೇಕು. ನೀರು ಶಾಖೆ 30 ಬರುತ್ತದೆಂದು ಬರೆದು ಸಾಮಾನ್ಯ ನಿಧಿ 25 ಮಾತ್ರ ಇಟ್ಟಿದ್ದರೆ, ಇಲ್ಲದ 5 ಲಕ್ಷ ಉಳಿತಾಯಕ್ಕೆ ಸೇರಿಕೊಳ್ಳುತ್ತದೆ. ಆಗ ಒಂದು ಬದಿಯನ್ನು ಸುಮ್ಮನೆ ತಿದ್ದುವಂತಿಲ್ಲ. ಇಬ್ಬರನ್ನೂ ಕೂರಿಸಿ, ನಿಜವಾಗಿ ಎಷ್ಟು ಕೊಡಲಾಗುತ್ತದೆ ಎಂದು ತೀರ್ಮಾನಿಸಿ ಎರಡೂ ಹಾಳೆಗಳನ್ನು ಬದಲಿಸಬೇಕು. ಇನ್ನೊಂದು ತೊಡಕು ಲೆಕ್ಕಶೀರ್ಷಿಕೆಯದು. ಕೊಟ್ಟವರು ರಾಜಸ್ವ ಖರ್ಚೆಂದೂ ಪಡೆದವರು ಬಂಡವಾಳ ಜಮಾ ಎಂದೂ ಬರೆದರೆ ಒಟ್ಟು ಮೊತ್ತ ಸರಿಹೋದರೂ ರಾಜಸ್ವ ಲೆಕ್ಕದಲ್ಲಿ ಇಲ್ಲದ ಕೊರತೆ ತೋರುತ್ತದೆ.

ಒಳಗಿನ ವರ್ಗಾವಣೆಯಂತೆ ಕಂಡರೂ ಹಾಗಲ್ಲದ ಹಣವೂ ಉಂಟು. ಆಸ್ತಿ ತೆರಿಗೆಯೊಂದಿಗೆ ವಸೂಲಾಗುವ ಗ್ರಂಥಾಲಯ ಕರ, ಭಿಕ್ಷುಕರ ಕರ ಹೊರಗಿನ ಇಲಾಖೆಗಳಿಗೆ ಸೇರಿದವು. ಅವು ಪುರಸಭೆಯ ಆದಾಯವಲ್ಲ, ಅಸಾಧಾರಣ ಲೆಕ್ಕದಲ್ಲಿ ಬರಬೇಕು. ಆದರೆ ಜನರಿಂದ ಬಂದು ಹೊರಗೆ ಹೋಗುವುದರಿಂದ ಅವನ್ನು ತಾಳೆಪಟ್ಟಿಗೆ ಸೇರಿಸಿ ಅಳಿಸುವಂತಿಲ್ಲ.

ಕ್ರೋಡೀಕರಣ ಮುಗಿದರೂ ಶಾಖಾ ಹಾಳೆಗಳಲ್ಲಿನ ವರ್ಗಾವಣೆ ಸಾಲುಗಳನ್ನು ಅಳಿಸಬಾರದು. ಮೀಸಲು ಹಣ ನಿಜಕ್ಕೂ ತೆಗೆದಿಟ್ಟಿದ್ದಾರೆಯೇ ಎಂಬುದಕ್ಕೆ ಅವೇ ದಾಖಲೆ. ತಾಳೆಪಟ್ಟಿಯನ್ನು ಆಯವ್ಯಯ ಪುಸ್ತಕದ ಅನುಬಂಧವಾಗಿ ಸದಸ್ಯರ ಮುಂದಿಡಬೇಕು.