‘ಊ’ ಮತ್ತು ‘ಏ’ (ಕನ್ನಡ ವ್ಯಾಕರಣ)

ಪದದ ಕೊನೆಗೆ ಸೇರಿ ‘ಸಹ’, ‘ಮಾತ್ರ’ ಮುಂತಾದ ಅರ್ಥಗಳನ್ನು ಕೊಡುವ ಎರಡು ಅವ್ಯಯಗಳು. ‘ಊ’ ಒಂದರ ಜೊತೆಗೆ ಇನ್ನೊಂದನ್ನು ಕೂಡಿಸುತ್ತದೆ, ಇದು ಸಮುಚ್ಚಯ. ‘ಏ’ ಒಂದನ್ನು ಉಳಿದವುಗಳಿಂದ ಬೇರೆಯಾಗಿಸಿ ಒತ್ತಿ ಹೇಳುತ್ತದೆ, ಇದು ಅವಧಾರಣೆ. ಎರಡೂ ವಿಭಕ್ತಿ ಪ್ರತ್ಯಯದ ನಂತರ ಬರುತ್ತವೆ: ಮನೆಗೆ, ಮನೆಗೂ, ಮನೆಗೇ.

ಚರಿತ್ರೆ

‘ಊ’ವಿನ ಹಳಗನ್ನಡ ರೂಪ ‘ಉಂ’. ತಮಿಳು, ಮಲಯಾಳಂಗಳಲ್ಲಿ ಅದು ಇಂದಿಗೂ ‘ಉಮ್’ ಆಗಿಯೇ ಉಳಿದಿದೆ. 10ನೆಯ ಶತಮಾನದ ಪಂಪನ ಕಾಲದ ಕನ್ನಡದಲ್ಲಿ ‘ರಾಮಂ’ ಎಂದರೆ ರಾಮನು, ‘ರಾಮನುಂ’ ಎಂದರೆ ರಾಮನೂ. ಎರಡರ ನಡುವೆ ಗೊಂದಲವಿರಲಿಲ್ಲ. ಮುಂದೆ ಪದಾಂತ್ಯದ ಸೊನ್ನೆ ಸವೆದುಹೋಯಿತು. ‘ರಾಮಂ’ ಎಂಬುದು ‘ರಾಮನು’ ಆಯಿತು. ‘ರಾಮನುಂ’ ಸೊನ್ನೆಯನ್ನಷ್ಟೇ ಕಳೆದುಕೊಂಡಿದ್ದರೆ ಅದೂ ‘ರಾಮನು’ ಆಗಿಬಿಡುತ್ತಿತ್ತು. ಈಗ ಇವೆರಡನ್ನು ಬೇರೆಯಾಗಿ ಇಟ್ಟಿರುವುದು ಕೊನೆಯ ಸ್ವರದ ದೀರ್ಘ ಮಾತ್ರ. ಆದ್ದರಿಂದ ಬರೆಯುವಾಗ ದೀರ್ಘ ತಪ್ಪಿದರೆ ‘ಅವನೂ ಬಂದನು’ ಎಂಬುದು ‘ಅವನು ಬಂದನು’ ಆಗಿ, ಮೊದಲೇ ಬಂದಿದ್ದವರ ಸುಳಿವು ಅಳಿಸಿಹೋಗುತ್ತದೆ.

‘ಊ’ವಿನ ಅರ್ಥಗಳು

ಇಬ್ಬರನ್ನು ಕೂಡಿಸುವಾಗ ‘ಊ’ ಎರಡು ಕಡೆಯೂ ಬರಬೇಕು: ‘ಅಕ್ಕನೂ ತಂಗಿಯೂ ಬಂದರು’. ಸಂಖ್ಯೆಗೆ ಸೇರಿದರೆ ಯಾರೂ ಹೊರಗುಳಿಯಲಿಲ್ಲವೆಂದು ಅರ್ಥ: ‘ಮೂವರೂ ಬಂದರು’. ಪ್ರಶ್ನಪದಕ್ಕೆ ಸೇರಿ ನಿಷೇಧದೊಡನೆ ಬಂದರೆ ಎಲ್ಲರನ್ನೂ ಅಲ್ಲಗಳೆಯುತ್ತದೆ: ‘ಯಾರೂ ಬರಲಿಲ್ಲ’. ಇದರ ಹಳೆಯ ರೂಪ ‘ಆರುಂ’. ನಿರೀಕ್ಷೆ ಮೀರಿದ್ದನ್ನು ಹೇಳುವುದೂ ಇದರಿಂದಲೇ: ‘ಕುಡಿಯಲು ನೀರೂ ಇಲ್ಲ’. ‘ಬಂದರೆ’ ಎಂಬ ಷರತ್ತಿಗೆ ‘ಊ’ ಸೇರಿದರೆ ‘ಬಂದರೂ’ ಆಗಿ, ಷರತ್ತು ನಡೆದರೂ ಫಲ ಬದಲಾಗದೆಂಬ ಅರ್ಥ ಬರುತ್ತದೆ. ಹಳಗನ್ನಡದಲ್ಲಿ ಇದು ‘ಬಂದೊಡೆ’, ‘ಬಂದೊಡಂ’ ಎಂಬ ಜೋಡಿ.

‘ಏ’ಯ ಅರ್ಥಗಳು

‘ನಾನೇ ಅಡುಗೆ ಮಾಡಿದೆ’ ಎಂಬುದಕ್ಕೆ ಬೇರೆಯವರಲ್ಲ, ನಾನು ಎಂದೂ, ಯಾರಿಂದಲೂ ಮಾಡಿಸದೆ ಸ್ವತಃ ಎಂದೂ ಎರಡರ್ಥ. ಯಾವುದೆಂಬುದನ್ನು ಸಂದರ್ಭವೇ ಹೇಳಬೇಕು. ‘ಮಾತ್ರ’ ಎಂಬ ಅರ್ಥ ಖಚಿತವಾಗಬೇಕಾದಾಗ ‘ಅಷ್ಟು’ ಸೇರಿಸಿ ‘ನಾನಷ್ಟೇ’ ಎನ್ನುತ್ತೇವೆ. ಕ್ರಿಯೆಯೊಡನೆಯೂ ‘ಏ’ ಬರುತ್ತದೆ: ‘ಬಂದೇ ಬರುತ್ತಾನೆ’ ಎಂದರೆ ಸಂಶಯವಿಲ್ಲ, ‘ಬರಲೇ ಇಲ್ಲ’ ಎಂದರೆ ಕೊನೆಯವರೆಗೂ ಬರಲಿಲ್ಲ.

ಸಂಧಿ ಮತ್ತು ಆಡುಮಾತು

ಬರಹದಲ್ಲಿ ಕೆಲವೆಡೆ ಪದಕ್ಕೂ ಅವ್ಯಯಕ್ಕೂ ನಡುವೆ ಯಕಾರ ಅಥವಾ ವಕಾರ ಬರುತ್ತದೆ: ಕಾಫಿಯೂ, ಗುರುವೂ. ದಕ್ಷಿಣ ಕರ್ನಾಟಕದ ಆಡುಮಾತಿನಲ್ಲಿ ಯಕಾರದ ಜಾಗಕ್ಕೆ ನಕಾರ ಬಂದು ‘ಕಾಫೀನೂ’, ‘ಕಾಫೀನೇ’ ಎಂದಾಗುತ್ತದೆ. ‘ಕಾಫೀನೂ ಬೇಕು’ ಎಂದವರಿಗೆ ತಿಂಡಿಯೂ ಬೇಕು. ‘ಕಾಫೀನೇ ಬೇಕು’ ಎಂದವರಿಗೆ ಚಹಾ ಕೊಟ್ಟರೆ ಆಗದು.