ನಗರ-ರಾಷ್ಟ್ರಗಳ ಅಂಕಿಅಂಶ

ಒಂದು ನಗರದ ಮೇರೆಯೇ ಸಾರ್ವಭೌಮ ದೇಶದ ಗಡಿಯೂ ಆಗಿರುವ ರಾಜ್ಯವನ್ನು ನಗರ-ರಾಷ್ಟ್ರ ಎನ್ನುತ್ತಾರೆ. ಸಿಂಗಪುರ, ಮೊನಾಕೊ ಮತ್ತು ವ್ಯಾಟಿಕನ್ ನಗರ ಇಂದಿನ ನಿದರ್ಶನಗಳು. ಇವುಗಳಿಗೆ ಗ್ರಾಮೀಣ ಹಿನ್ನಾಡು ಇಲ್ಲದಿರುವುದರಿಂದ ಅಂತಾರಾಷ್ಟ್ರೀಯ ಕೋಷ್ಟಕಗಳಲ್ಲಿ ನಗರವಾಸಿಗಳ ಪ್ರಮಾಣ ಶೇ. 100 ಎಂದು ದಾಖಲಾಗುತ್ತದೆ.

1965ರಲ್ಲಿ ಸ್ವತಂತ್ರವಾದ ಸಿಂಗಪುರದ ವರದಿಗಳಲ್ಲಿ ಜನಸಂಖ್ಯೆಗೆ ಎರಡು ಅಳತೆಗಳಿವೆ. ಪೌರರನ್ನೂ ಕಾಯಂ ವಾಸಿಗಳನ್ನೂ ಕೂಡಿಸಿದ್ದು ನಿವಾಸಿ ಜನಸಂಖ್ಯೆ. ಕೆಲಸ ಅಥವಾ ಓದಿಗಾಗಿ ಬಂದು ನೆಲೆಸಿರುವ ವಿದೇಶಿಯರನ್ನೂ ಸೇರಿಸಿದ್ದು ಒಟ್ಟು ಜನಸಂಖ್ಯೆ. 2020ರ ಜನಗಣತಿಯಲ್ಲಿ ಒಟ್ಟು ಜನಸಂಖ್ಯೆ ಸುಮಾರು 56.9 ಲಕ್ಷ, ನಿವಾಸಿಗಳು ಸುಮಾರು 40.4 ಲಕ್ಷ. ಜನಸಾಂದ್ರತೆಯನ್ನು ಒಟ್ಟು ಜನಸಂಖ್ಯೆಯಿಂದ ಲೆಕ್ಕಹಾಕುವುದರಿಂದ, ಸುಮಾರು 728 ಚದರ ಕಿ.ಮೀ. ನೆಲಕ್ಕೆ ಅದು ಚದರ ಕಿ.ಮೀ.ಗೆ ಸುಮಾರು 7,810 ಆಗುತ್ತದೆ. ನಿವಾಸಿಗಳನ್ನಷ್ಟೇ ಎಣಿಸಿದರೆ ಸುಮಾರು 5,550ಕ್ಕೆ ಇಳಿಯುತ್ತದೆ. ಭಾಜಕವೂ ಸ್ಥಿರವಲ್ಲ: 1960ರ ದಶಕದ ಆರಂಭದಲ್ಲಿ ಸುಮಾರು 581 ಚದರ ಕಿ.ಮೀ. ಇದ್ದ ನೆಲ, ಸಮುದ್ರವನ್ನು ತುಂಬಿಸಿದ್ದರಿಂದ ಹಿಗ್ಗಿದೆ.

ತಲಾ ಆಂತರಿಕ ಉತ್ಪನ್ನಕ್ಕೂ ಒಟ್ಟು ಜನಸಂಖ್ಯೆಯೇ ಆಧಾರ. ಆದರೆ ಫಲವತ್ತತೆ ದರ ನಿವಾಸಿಗಳಿಗೆ ಮಾತ್ರ ಸಂಬಂಧಿಸಿದ್ದು, ನಿರುದ್ಯೋಗ ದರವನ್ನು ಒಟ್ಟಾರೆ, ನಿವಾಸಿ ಮತ್ತು ಪೌರ ಎಂದು ಪ್ರತ್ಯೇಕವಾಗಿ ಪ್ರಕಟಿಸಲಾಗುತ್ತದೆ. ಹೀಗಾಗಿ ಒಂದೇ ವರದಿಯ ಎರಡು ದರಗಳನ್ನು, ಅವುಗಳ ಭಾಜಕವನ್ನು ನೋಡದೆ, ಜೋಡಿಸುವುದು ತಪ್ಪು ನಿರ್ಣಯಕ್ಕೆ ಎಡೆಗೊಡುತ್ತದೆ. ಮೊನಾಕೊದಲ್ಲಿ ತೊಡಕು ಬೇರೆ ಬಗೆಯದು: ಅಲ್ಲಿನ ಉದ್ಯೋಗಿಗಳಲ್ಲಿ ಹೆಚ್ಚಿನವರು ನಿತ್ಯ ಫ್ರಾನ್ಸ್ ಮತ್ತು ಇಟಲಿಯಿಂದ ಬಂದು ಹೋಗುವವರಾದ್ದರಿಂದ, ಅವರ ದುಡಿಮೆ ಉತ್ಪನ್ನದಲ್ಲಿ ಸೇರಿದರೂ ಅವರು ನಿವಾಸಿಗಳ ಎಣಿಕೆಯಲ್ಲಿ ಸೇರುವುದಿಲ್ಲ. ಅಂಥ ದೇಶವನ್ನು ಹಳ್ಳಿಗಳಿರುವ ವಿಶಾಲ ದೇಶದೊಡನೆ ಹೋಲಿಸುವುದಕ್ಕಿಂತ ಮತ್ತೊಂದು ಮಹಾನಗರದೊಡನೆ ಹೋಲಿಸುವುದು ಹೆಚ್ಚು ಯುಕ್ತ.